ಸಂಜೆ ಹೊತ್ತು ಇಂಟರ್ನೆಟ್ ನಿಧಾನವಾಗುತ್ತಿರುವ ಬಗ್ಗೆ ದೂರು

ದಿನಾಂಕ: 17 ನವೆಂಬರ್ 2025
ಸ್ಥಳ: ರಾಮಕೃಷ್ಣನಗರ, ಮೈಸೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕರ ದೂರು ವಿಭಾಗ, ಮೈಸೂರು ಶಾಖೆ

ವಿಷಯ: 100 ಎಂಬಿಪಿಎಸ್ ಫೈಬರ್ ಕನೆಕ್ಷನ್ ದಿನವೂ ಸಂಜೆ 7ರ ನಂತರ ನಿಧಾನವಾಗುತ್ತಿರುವುದು (ಹಿಂದಿನ ಡಾಕೆಟ್ ಸಂಖ್ಯೆ 4471902)

ಮಾನ್ಯರೇ,

ತಿಂಗಳಿಗೆ ₹799ರ ಪ್ಲಾನ್‌ಗೆ ಅಕ್ಟೋಬರ್ 1ರಂದು ಆರು ತಿಂಗಳ ಹಣವನ್ನು ಜಿಎಸ್‌ಟಿ ಸೇರಿಸಿ ₹5,656.92 ಮುಂಗಡವಾಗಿ ಕಟ್ಟಿದ್ದೇನೆ. ಬೆಳಿಗ್ಗೆ ಸ್ಪೀಡ್ ಚೆನ್ನಾಗಿಯೇ ಇರುತ್ತದೆ. ಸಂಜೆ ಏಳಾದರೆ ಕುಸಿಯುತ್ತದೆ, ರಾತ್ರಿ ಹನ್ನೊಂದರ ನಂತರ ತಾನಾಗಿಯೇ ಸರಿಹೋಗುತ್ತದೆ.

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಸಂಜೆ 7ರಿಂದ 8.30ರವರೆಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ನಂಜನಗೂಡು, ತಿ. ನರಸೀಪುರ ಕಡೆಯ ಮಕ್ಕಳೂ ಇದ್ದಾರೆ. ನನ್ನ ಮಾತು ಅವರಿಗೆ ತಲುಪುತ್ತದೆ, ಆದರೆ ಅವರ ಪ್ರಶ್ನೆ ನನಗೆ ತುಂಡು ತುಂಡಾಗಿ ಕೇಳಿಸುತ್ತದೆ. ಎರಡು ಮೂರು ಸಲ ಕೇಳಿ, ಆಮೇಲೆ "ಇರಲಿ ಬಿಡಿ ಮಿಸ್" ಎಂದು ಮಕ್ಕಳು ಸುಮ್ಮನಾಗಿಬಿಡುತ್ತಾರೆ. ನನಗೆ ತುಂಬಾ ಬೇಸರ ತರುವುದು ಇದೇ. ಮಾರ್ಚ್ ಹತ್ತಿರ ಬರುತ್ತಿದೆ.

ಕೆಳಗಿನ ಪರೀಕ್ಷೆಗಳನ್ನೆಲ್ಲ ವೈಫೈ ಆಫ್ ಮಾಡಿ, ರೂಟರ್‌ನಿಂದ ನೇರವಾಗಿ ಲ್ಯಾನ್ ಕೇಬಲ್ ಹಾಕಿ, ಒಂದೇ ಲ್ಯಾಪ್‌ಟಾಪ್‌ನಲ್ಲಿ ಮಾಡಿದ್ದೇನೆ. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾವ ಫೋನ್, ಟಿವಿಯೂ ನೆಟ್‌ಗೆ ಸೇರಿರಲಿಲ್ಲ. ಡೌನ್‌ಲೋಡ್, ಅಪ್‌ಲೋಡ್ ಎಂಬಿಪಿಎಸ್‌ನಲ್ಲಿವೆ, ಪಿಂಗ್ ಮಿಲಿಸೆಕೆಂಡಿನಲ್ಲಿದೆ.

| ದಿನ | ಸಮಯ | ಡೌನ್‌ಲೋಡ್ | ಅಪ್‌ಲೋಡ್ | ಪಿಂಗ್ |
|---|---|---|---|---|
| ನ. 3, ಸೋಮವಾರ | ಬೆಳಿಗ್ಗೆ 6.40 | 93.8 | 92.1 | 9 |
| ನ. 3, ಸೋಮವಾರ | ಸಂಜೆ 7.45 | 7.2 | 84.0 | 176 |
| ನ. 5, ಬುಧವಾರ | ರಾತ್ರಿ 8.10 | 5.9 | 81.7 | 188 |
| ನ. 8, ಶನಿವಾರ | ರಾತ್ರಿ 8.30 | 3.4 | 79.2 | 231 |
| ನ. 8, ಶನಿವಾರ | ರಾತ್ರಿ 11.40 | 91.5 | 90.8 | 10 |
| ನ. 11, ಮಂಗಳವಾರ | ಸಂಜೆ 7.30 | 6.6 | 83.5 | 181 |
| ನ. 14, ಶುಕ್ರವಾರ | ರಾತ್ರಿ 8.00 | 4.8 | 80.3 | 205 |

ಅಪ್‌ಲೋಡ್ ಕಾಲಂ ದಯವಿಟ್ಟು ಗಮನಿಸಿ. ಕೇಬಲ್ ಮುರಿದಿದ್ದರೆ ಅಥವಾ ರೂಟರ್ ಕೆಟ್ಟಿದ್ದರೆ ತೊಂದರೆ ಗಡಿಯಾರ ನೋಡಿಕೊಂಡು ಬರುತ್ತಿರಲಿಲ್ಲ, ಅಲ್ವಾ? ಇಲ್ಲಿ ಎಲ್ಲರೂ ಮನೆಗೆ ಬಂದು ವಿಡಿಯೋ ನೋಡುವ ಹೊತ್ತಿನಲ್ಲಿ ಡೌನ್‌ಲೋಡ್ ಮಾತ್ರ ಬೀಳುತ್ತಿದೆ. ಶನಿವಾರ ಇನ್ನೂ ಜಾಸ್ತಿ. ನಮ್ಮ ಬಡಾವಣೆಯ ಮನೆಗಳೆಲ್ಲ ಹಂಚಿಕೊಳ್ಳುವ ನಿಮ್ಮ ಲೈನ್ ಆಗ ತುಂಬಿಹೋಗುತ್ತಿದೆ ಎಂದೇ ನನಗೆ ಅನ್ನಿಸುತ್ತದೆ. 14ರ ರಾತ್ರಿ ಮಾಡಿದ ಈ ಪರೀಕ್ಷೆಯೂ ಅದನ್ನೇ ತೋರಿಸುತ್ತದೆ:

```
tracert -d 8.8.8.8
  1    <1 ms    <1 ms    <1 ms  192.168.1.1
  2   196 ms   203 ms   199 ms  10.24.0.1
```

ಮೊದಲ ಸಾಲು ನಮ್ಮ ಮನೆಯ ರೂಟರ್. ಅಲ್ಲಿ ತಡವೇ ಇಲ್ಲ. ಎರಡನೆಯದು ನಿಮ್ಮ ಗೇಟ್‌ವೇ. ಬೆಳಿಗ್ಗೆ ಅದೇ ಗೇಟ್‌ವೇ 4 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ. ಅಂದರೆ ಮನೆ ಬಾಗಿಲು ದಾಟಿದ ಕೂಡಲೇ, ನಿಮ್ಮ ಜಾಲದೊಳಗೇ ತೊಂದರೆ ಶುರುವಾಗುತ್ತಿದೆ.

ನವೆಂಬರ್ 4ರಂದು ದೂರು ಕೊಟ್ಟೆ. 6ರಂದು ಟೆಕ್ನಿಷಿಯನ್ ಬಂದರು. ಅವರು ಒಳ್ಳೆಯವರು, ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿದರು. ಫೈಬರ್ ಪವರ್ -19.6 ಡಿಬಿಎಂ ಬಂತು, ಚೆನ್ನಾಗಿದೆ ಎಂದರು. ಆದರೆ ಅವರು ಬಂದದ್ದು ಬೆಳಿಗ್ಗೆ 11 ಗಂಟೆಗೆ! ಆಗ ಸ್ಪೀಡ್ 93 ಇತ್ತು. ಸಂಜೆ ಬನ್ನಿ ಎಂದು ಕೇಳಿಕೊಂಡೆ. ಅದೇ ಮಧ್ಯಾಹ್ನ "ಸಮಸ್ಯೆ ಪರಿಹಾರವಾಗಿದೆ" ಎಂಬ ಮೆಸೇಜ್ ಬಂತು, ದೂರು ಮುಚ್ಚಿಹೋಯಿತು. ಆಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗಲೆಲ್ಲ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುವ ಮಾತೇ ಬರುತ್ತಿದೆ. ಅದನ್ನೂ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ.

ಹಾಗಾಗಿ ನನ್ನ ದೂರನ್ನು ಮತ್ತೆ ತೆರೆಯಿರಿ. ಸಂಜೆ 7.30ರಿಂದ 9.30ರ ನಡುವೆ ನಮ್ಮ ಬಡಾವಣೆಯ ಲೈನ್ ಎಷ್ಟು ತುಂಬುತ್ತಿದೆ ಎಂದು ನಿಮ್ಮ ಎಂಜಿನಿಯರ್ ನೋಡಲಿ. ಸಾಮರ್ಥ್ಯ ಹೆಚ್ಚಿಸಬೇಕಿದ್ದರೆ ಯಾವ ದಿನಾಂಕದೊಳಗೆ ಹೆಚ್ಚಿಸುತ್ತೀರಿ ಎಂದು ಬರಹದಲ್ಲಿ ತಿಳಿಸಿ. ಸರಿಹೋಗುವವರೆಗಿನ ದಿನಗಳಿಗೆ ಶುಲ್ಕ ಕಡಿಮೆ ಮಾಡಿ. ನಿಮ್ಮಿಂದ ಆಗುವುದಿಲ್ಲ ಎಂದಾದರೆ, ಉಳಿದ ತಿಂಗಳುಗಳ ಮುಂಗಡವನ್ನು ದಂಡ ಹಿಡಿಯದೆ ವಾಪಸ್ ಕೊಡಿ. ಬೇರೆ ಕನೆಕ್ಷನ್ ತೆಗೆದುಕೊಳ್ಳುತ್ತೇನೆ.

ನವೆಂಬರ್ 24ರೊಳಗೆ ಉತ್ತರ ಬರದಿದ್ದರೆ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ನಿಮ್ಮ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ನನಗೆ ಬೇಕಿರುವುದು ಸಂಜೆ ಕೆಲಸ ಮಾಡುವ ಇಂಟರ್ನೆಟ್.

ಪರೀಕ್ಷೆಗಳ ಸ್ಕ್ರೀನ್‌ಶಾಟ್, ಮುಂಗಡದ ರಸೀದಿ, ನವೆಂಬರ್ 6ರ ಮೆಸೇಜಿನ ಪ್ರತಿ ಜೊತೆಗಿವೆ. ಎಂಜಿನಿಯರ್ ಯಾವ ಸಂಜೆ ಬಂದರೂ ಮನೆಯಲ್ಲಿರುತ್ತೇನೆ. ಪಾಠದ ಹೊತ್ತಾದರೂ ಪರವಾಗಿಲ್ಲ.

ಇಂತಿ,
ಶೈಲಜಾ