ನಮ್ಮ ಡಿಸೈನ್ ವಿಭಾಗಕ್ಕೆ ಒಂದೇ ಪಾರ್ಟ್ ಲೈಬ್ರರಿ, ಹೆಸರಿಡೋಕೆ ಒಂದೇ ಪದ್ಧತಿ

ಶ್ರೀನಿವಾಸ್ ಸರ್,

ನಮಸ್ಕಾರ. ಸೋಮವಾರದ ಮೀಟಿಂಗ್‌ನಲ್ಲಿ ಕನ್ವೇಯರ್ ಚಾನಲ್‌ಗಳ ವಿಷಯ ಬಂದಾಗ ನಾನು ಜಾಸ್ತಿ ಮಾತಾಡಲಿಲ್ಲ. ಅಸೆಂಬ್ಲಿಯವರು, ಪರ್ಚೇಸ್‌ನವರು ಎಲ್ಲರೂ ಇದ್ದರು, ಮಾತು ಸುತ್ತಿ ಸುತ್ತಿ ತಪ್ಪು ಯಾರದ್ದು ಅನ್ನೋದಕ್ಕೇ ಬರುತ್ತಿತ್ತು. ಬರೆದು ಕೊಟ್ಟರೆ ನೀವು ಬಿಡುವಾದಾಗ ಓದಬಹುದು ಅಂತ ಈ ಪತ್ರ.

ನಾನು ಕೇಳುತ್ತಿರುವುದು ಎರಡು. ನಾವು ಏಳೂ ಜನ ಬಳಸುವ ಒಂದು ಪಾರ್ಟ್ ಲೈಬ್ರರಿ ಬೇಕು. ಫೈಲ್‌ಗಳಿಗೆ ಎಲ್ಲರೂ ಒಂದೇ ಥರ ಹೆಸರಿಡಬೇಕು. ದುಡ್ಡು ಬೇಡ, ಹೊಸ ಸಾಫ್ಟ್‌ವೇರೂ ಬೇಡ. ಆರು ಶನಿವಾರದ ಸಮಯ ಬೇಕು, ಜೊತೆಗೆ ಎಲ್ಲರ ಮುಂದೆ ನಿಮ್ಮ ಒಂದು ಮಾತು ಬೇಕು.

ಮೊದಲು ಚಾನಲ್ ಕಥೆ, ಯಾಕೆಂದರೆ ಆ ಡ್ರಾಯಿಂಗ್ ನನ್ನದು. ಬೋಲ್ಟ್ ತಲೆ ಚಾನಲ್ ಒಳಗೆ ಕೂತು ತಿರುಗದೆ ಇರಲಿ, ಮೇಲಿಂದ ನಟ್ ಬಿಗಿದರೆ ಸಾಕು ಅಂತ ಒಳಗಿನ ಅಗಲ 16.2 ಇಟ್ಟಿದ್ದೆ. ನಾನು ಎಳೆದುಕೊಂಡ ಎಂ10 ಬೋಲ್ಟ್ ಮಾಡೆಲ್ ಐಎಸ್‌ಒ 4017 ಪ್ರಕಾರ ಮಾಡಿದ್ದು, ಅದರ ತಲೆ 16. ಬಿಒಎಂನಲ್ಲಿ ಮಾತ್ರ `HEX BOLT M10x30` ಅಂತ ಅಷ್ಟೇ ಬಂತು. ಪರ್ಚೇಸ್‌ನವರು ಯಾವಾಗಲೂ ತರಿಸುವ ಬೋಲ್ಟ್ ತರಿಸಿದರು. ಅದು ಡಿಐಎನ್ 933, ಅದರ ತಲೆ 17. ಮಂಜುನಾಥ್ ಒಂದು ಕೈಯಲ್ಲಿ ಬೋಲ್ಟು, ಇನ್ನೊಂದು ಕೈಯಲ್ಲಿ ವರ್ನಿಯರ್ ಹಿಡಿದುಕೊಂಡು ಬಂದು ನನ್ನ ಟೇಬಲ್ ಮೇಲೇ ಅಳೆದು ತೋರಿಸಿದರು: 16.85. ಆಮೇಲೆ 24 ಚಾನಲ್‌ಗಳಿಗೂ ಗ್ರೈಂಡರ್ ಹಿಡಿದು, ಹೋದ ಪೇಂಟ್ ಮತ್ತೆ ಹೊಡೆದು, ಒಂದೂವರೆ ದಿನ ಹೋಯಿತು. ಇದರಲ್ಲಿ ಪರ್ಚೇಸ್‌ನವರ ತಪ್ಪೇನೂ ಇಲ್ಲ ಸರ್. ನಾವು ಬರೆದು ಕೊಟ್ಟಿದ್ದನ್ನೇ ಅವರು ತಂದರು.

ಎಂ6, ಎಂ8 ಆಗಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಯಾಕೆಂದರೆ ಎರಡೂ ಸ್ಟ್ಯಾಂಡರ್ಡ್‌ನಲ್ಲಿ ತಲೆ ಒಂದೇ ಅಳತೆ. ಎಂ10ರಲ್ಲಿ 16 ಮತ್ತು 17, ಎಂ12ರಲ್ಲಿ 18 ಮತ್ತು 19. ನಾವು ಜಾಸ್ತಿ ಬಳಸೋದು ಇವೆರಡನ್ನೇ ಅಲ್ವಾ?

ಇದಾದ ಮೇಲೆ ಎರಡು ದಿನ ಸಂಜೆ ಕೂತು ಸರ್ವರ್ ಜಾಲಾಡಿದೆ. ಎಂ8x25 ಅಲೆನ್ ಬೋಲ್ಟ್ ಒಂದನ್ನೇ ಹುಡುಕಿದೆ. 41 ಫೈಲ್ ಸಿಕ್ಕವು. `M8X25 ALLEN`, `allen bolt m8-25`, `SHCS 8x25`, `M8x25 new`, `m8x25 final`, ಒಂದು `Copy of M8x25` ಕೂಡ. ಕೆಲವನ್ನು ತೆಗೆದು ಅಳೆದೆ. ತಲೆ 13 ವ್ಯಾಸ, 8 ಎತ್ತರ ಇರಬೇಕು. ಮೂರರಲ್ಲಿ ವ್ಯಾಸ 12 ಇದೆ, ಒಂದರಲ್ಲಿ ಎತ್ತರ 5. ಆ 5ರ ಮಾಡೆಲ್ ನೋಡಿಕೊಂಡು ಯಾರಾದರೂ ಕೌಂಟರ್‌ಬೋರ್ ಆಳ ಕೊಟ್ಟರೆ ಬೋಲ್ಟ್ ತಲೆ ಮೂರು ಮಿಲಿಮೀಟರ್ ಹೊರಗೆ ನಿಲ್ಲುತ್ತದೆ.

ಬೋಲ್ಟ್‌ಗಿಂತ ನನಗೆ ಹೆಚ್ಚು ಗಾಬರಿಯಾಗಿದ್ದು ಪ್ಲಮ್ಮರ್ ಬ್ಲಾಕ್ ನೋಡಿ. ಯುಸಿಪಿ 205 ಅನ್ನೋ ಹೆಸರಲ್ಲಿ ನಾಲ್ಕು ಮಾಡೆಲ್ ಇವೆ. ಮೂರರಲ್ಲಿ ಫೌಂಡೇಶನ್ ತೂತುಗಳ ನಡುವೆ 105, ಸೆಂಟರ್ ಎತ್ತರ 36.5, ಅದು ಸರಿ. ನಾಲ್ಕನೆಯದರಲ್ಲಿ 95 ಮತ್ತು 33.3. ಅಂದರೆ ಯಾರೋ ಯಾವಾಗಲೋ ಅವಸರದಲ್ಲಿ 204ರ ಮಾಡೆಲ್ ತೆಗೆದು, ಬೋರ್ ಒಂದನ್ನು 20ರಿಂದ 25ಕ್ಕೆ ಬದಲಿಸಿ, 205 ಅಂತ ಹೆಸರು ಕೊಟ್ಟು ಸೇವ್ ಮಾಡಿದ್ದಾರೆ. ಶಾಫ್ಟ್ ಸರಿಯಾಗಿ ಕೂರುತ್ತದೆ, ಸ್ಕ್ರೀನ್ ಮೇಲೆ ನೋಡಿದರೆ ಏನೂ ಅನಿಸುವುದಿಲ್ಲ. ಫ್ರೇಮ್‌ಗೆ ತೂತು ಹೊಡೆದು, ಬೇರಿಂಗ್ ತಂದು ಇಟ್ಟ ಮೇಲೇ ಗೊತ್ತಾಗೋದು. ಅದು ಈಗಲೂ ಸರ್ವರ್‌ನಲ್ಲೇ ಇದೆ. ಹಳೇ ಪ್ರಾಜೆಕ್ಟ್ ಯಾವುದಾದರೂ ಅದನ್ನು ಬಳಸುತ್ತಿದೆಯೋ ಏನೋ ಅಂತ ಅಳಿಸಲು ಧೈರ್ಯ ಬರಲಿಲ್ಲ.

ಹೆಸರಿನ ವಿಷಯ ಬರೀ ಅಚ್ಚುಕಟ್ಟಿನ ಮಾತು ಅಂತ ಅನಿಸಬಹುದು. ಹಾಗಲ್ಲ ಸರ್. ಸಾಲಿಡ್‌ವರ್ಕ್ಸ್‌ನಲ್ಲಿ ಒಂದೇ ಹೆಸರಿನ ಎರಡು ಬೇರೆ ಫೈಲ್‌ಗಳನ್ನು ಒಟ್ಟಿಗೆ ತೆರೆಯಲು ಆಗೋದಿಲ್ಲ. ಒಂದು ಪ್ರಾಜೆಕ್ಟ್‌ನ `plate.SLDPRT` ತೆರೆದಿರುವಾಗ, ಇನ್ನೊಂದು ಪ್ರಾಜೆಕ್ಟ್‌ನ ಅಸೆಂಬ್ಲಿ ತೆಗೆದರೆ, ಅದಕ್ಕೂ `plate.SLDPRT` ಬೇಕಾಗಿದ್ದರೆ, ಆಗಲೇ ಮೆಮೊರಿಯಲ್ಲಿರುವ ಪ್ಲೇಟನ್ನೇ ಹಿಡಿದುಕೊಳ್ಳುವ ಸಾಧ್ಯತೆ ಇದೆ. ಗಮನಿಸದೆ ಸೇವ್ ಮಾಡಿದರೆ ಮುಗಿಯಿತು, ಅವತ್ತಿನಿಂದ ಆ ಅಸೆಂಬ್ಲಿ ಬೇರೆಯವರ ಪ್ಲೇಟ್ ತೋರಿಸುತ್ತದೆ. ಹೋದ ತಿಂಗಳು ಮೋಟರ್ ಬ್ರಾಕೆಟ್‌ನಲ್ಲಿ ತೂತುಗಳೆಲ್ಲ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದುಬಿಟ್ಟಿವೆ ಅಂತ ನಾವೆಲ್ಲ ತಲೆಕೆಡಿಸಿಕೊಂಡೆವಲ್ಲ, ಅದು ಇದೇ. ಲೇಸರ್ ಕಟಿಂಗ್‌ಗೆ ಕಳಿಸುವ ಮೊದಲೇ ಕಣ್ಣಿಗೆ ಬಿದ್ದಿದ್ದು ನಮ್ಮ ಪುಣ್ಯ. ಸರ್ವರ್‌ನಲ್ಲಿ `plate` ಅಂತ ಹೆಸರಿರುವ ಫೈಲ್ ಈಗ 19 ಇವೆ.

ಟೂಲ್‌ಬಾಕ್ಸ್ ಇದೆಯಲ್ಲ, ಅದನ್ನೇ ಬಳಸಿ ಅಂತ ನೀವು ಕೇಳಬಹುದು. ನಮ್ಮ ಏಳು ಸೀಟುಗಳಲ್ಲಿ ಮೂರು ಸ್ಟ್ಯಾಂಡರ್ಡ್ ಲೈಸೆನ್ಸ್, ಅವುಗಳಲ್ಲಿ ಟೂಲ್‌ಬಾಕ್ಸ್ ಬರುವುದಿಲ್ಲ. ಇರುವ ನಾಲ್ಕರಲ್ಲೂ ಅದು ಅವರವರ ಕಂಪ್ಯೂಟರಿನ ಸಿ ಡ್ರೈವ್‌ನಲ್ಲಿದೆ. ನನ್ನ ಅಸೆಂಬ್ಲಿಯನ್ನು ಕಾವ್ಯ ತೆಗೆದಾಗ ಸಣ್ಣ ಬೋಲ್ಟುಗಳೆಲ್ಲ ಕಂಬದಷ್ಟು ದಪ್ಪ ಆಗಿ ನಿಲ್ಲುತ್ತವೆ, ಯಾಕೆಂದರೆ ನನ್ನ ಕಂಪ್ಯೂಟರಿನಲ್ಲಿ ಹುಟ್ಟಿದ ಆ ಅಳತೆ ಅವರ ಕಡೆ ಇಲ್ಲ. ನಾವೇ ಮಾಡಿದ ಸಾದಾ ಪಾರ್ಟ್ ಫೈಲ್‌ಗಳು, ಒಂದು ಅಳತೆಗೆ ಒಂದು ಫೈಲ್, ಸರ್ವರ್‌ನಲ್ಲಿ ಒಂದೇ ಜಾಗದಲ್ಲಿ ಇದ್ದರೆ ಈ ಗೋಳು ಇರೋದಿಲ್ಲ.

ನನ್ನ ಲೆಕ್ಕದಲ್ಲಿ ಹೀಗೆ ಮಾಡಬಹುದು. ಸರ್ವರ್‌ನಲ್ಲಿ `L:\LIB` ಅಂತ ಒಂದು ಫೋಲ್ಡರ್. ಎಲ್ಲರೂ ಅಲ್ಲಿಂದ ತೆಗೆದುಕೊಳ್ಳಬಹುದು, ಬರೆಯುವ ಅನುಮತಿ ಇಬ್ಬರಿಗೆ ಮಾತ್ರ. ಎಲ್ಲಾ ಕಂಪ್ಯೂಟರಿನಲ್ಲೂ `File Locations` ಒಳಗೆ `Design Library`ಗೆ ಈ ದಾರಿ ಕೊಟ್ಟುಬಿಟ್ಟರೆ ಬಲಗಡೆ ಪಟ್ಟಿಯಿಂದ ಎಳೆದು ಹಾಕಿಕೊಂಡರಾಯಿತು. ಸ್ಟ್ಯಾಂಡರ್ಡ್ ಸಾಮಾನುಗಳಿಗೆ ಹೆಸರು ಹೀಗೆ:

```
HEX_DIN933_M10x030_8-8.SLDPRT
SHCS_DIN912_M08x025_12-9.SLDPRT
DOWEL_ISO8734_08x030.SLDPRT
BRG_6205-2RS.SLDPRT
PLB_UCP205.SLDPRT
```

ಮೊದಲು ಏನು ಅನ್ನೋದು, ಆಮೇಲೆ ಸ್ಟ್ಯಾಂಡರ್ಡ್, ಆಮೇಲೆ ಅಳತೆ, ಕೊನೆಗೆ ಗ್ರೇಡ್. ನಡುವೆ ಜಾಗ ಬಿಡುವಂತಿಲ್ಲ. ಗುಣಿಸು ಗುರುತಿನ ಬದಲು ನಕ್ಷತ್ರ ಹಾಕೋಣ ಅಂದರೆ ವಿಂಡೋಸ್ ಫೈಲ್ ಹೆಸರಲ್ಲಿ ಅದನ್ನು ಬಿಡೋದಿಲ್ಲ, ಅದಕ್ಕೇ ಒಬ್ಬೊಬ್ಬರು ಒಂದೊಂದು ಚಿಹ್ನೆ ಹುಡುಕಿಕೊಂಡಿರುವುದು. ಸಣ್ಣ `x` ಅಂತ ತೀರ್ಮಾನ ಮಾಡಿಬಿಡೋಣ. `M08`ನಲ್ಲಿ ಸೊನ್ನೆ ಯಾಕೆ ಅಂದರೆ, ಎಕ್ಸೆಲ್‌ನಲ್ಲಿ ಬಿಒಎಂ ಸಾರ್ಟ್ ಮಾಡಿದಾಗ ಸೊನ್ನೆ ಇಲ್ಲದಿದ್ದರೆ ಎಂ10 ಮೇಲೆ ಹೋಗಿ ಎಂ8 ಕೆಳಗೆ ಬೀಳುತ್ತದೆ.

ಐಎಸ್‌ಒ ಬಿಟ್ಟು ಡಿಐಎನ್ 933 ಬರೆದಿದ್ದು ಯೋಚನೆ ಮಾಡಿಯೇ. ಐಎಸ್‌ಒ ಹೊಸದು, ಒಂದು ದಿನ ಅಲ್ಲಿಗೆ ಹೋಗಬೇಕು, ಒಪ್ಪುತ್ತೇನೆ. ಆದರೆ ನಮ್ಮ ಸ್ಟೋರ್ಸ್‌ನ ಡಬ್ಬಿಗಳಲ್ಲಿ ಇರುವುದು 17ರ ತಲೆಯ ಬೋಲ್ಟ್. ಲೈಬ್ರರಿಯಲ್ಲಿ ಇರುವುದು ಸ್ಟೋರ್ಸ್‌ನಲ್ಲೂ ಇರಬೇಕು, ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಮಾಡೆಲ್ ಮಾಡಿದರೂ ಮತ್ತೆ ಗ್ರೈಂಡರೇ ಗತಿ. ಹಾಗಾಗಿ ಮೊದಲ ಪಟ್ಟಿಯನ್ನು ಸ್ಟೋರ್ಸ್‌ನವರ ಜೊತೆ ಕೂತೇ ಮಾಡುತ್ತೇನೆ. ಅಂದಾಜು 120 ಸಾಮಾನು ಆಗಬಹುದು, ಅದಕ್ಕಿಂತ ಜಾಸ್ತಿ ಈಗ ಬೇಡ.

ನಾವು ತಯಾರಿಸುವ ಪಾರ್ಟ್‌ಗಳಿಗೆ ಮಾತ್ರ ಹೆಸರಲ್ಲಿ ಅರ್ಥ ತುಂಬೋದು ಬೇಡ. ನಾನು ಮೊದಲು ಕೆಲಸ ಮಾಡಿದ ಕಡೆ ಮಟೀರಿಯಲ್, ಅಳತೆ, ಮೆಷಿನ್ ಎಲ್ಲವನ್ನೂ ನಂಬರಿನೊಳಗೆ ತುರುಕಿದ್ದರು. ಇಎನ್8 ಇದ್ದದ್ದು ಇಎನ್24 ಆದ ದಿನ ನಂಬರೇ ಸುಳ್ಳಾಗುತ್ತಿತ್ತು. ಪ್ರಾಜೆಕ್ಟ್, ಸಬ್ ಅಸೆಂಬ್ಲಿ, ಕ್ರಮಸಂಖ್ಯೆ ಸಾಕು: `2417-03-012`. ಡ್ರಾಯಿಂಗ್ ಫೈಲಿಗೂ ಅದೇ ನಂಬರ್. ರಿವಿಷನ್ ಫೈಲ್ ಹೆಸರಿಗೆ ಬರಬಾರದು, ಪ್ರಾಪರ್ಟಿಯಲ್ಲಿ ಮತ್ತು ಟೈಟಲ್ ಬ್ಲಾಕ್‌ನಲ್ಲಿ ಇರಲಿ. ಹೆಸರು ಬದಲಾದರೆ ಅಸೆಂಬ್ಲಿಗೆ ಫೈಲೇ ಸಿಗುವುದಿಲ್ಲ. ಶಾಪ್‌ಗೆ ಹೋಗುವ ಪಿಡಿಎಫ್‌ಗೆ ಮಾತ್ರ `2417-03-012_R1` ಅಂತ ಇಡೋಣ, ಯಾಕೆಂದರೆ ಅವರ ಕೈಯಲ್ಲಿರುವ ಹಾಳೆ ಹಳೆಯದೋ ಹೊಸದೋ ನೋಡಿದ ಕೂಡಲೇ ಗೊತ್ತಾಗಬೇಕು.

ಮಟೀರಿಯಲ್ ಕೂಡ ಹಾಗೇ. ಒಂದೇ ಬಿಒಎಂನಲ್ಲಿ `MS`, `M.S.`, `Mild Steel`, `IS2062` ನಾಲ್ಕೂ ಇರುತ್ತವೆ, ಪರ್ಚೇಸ್‌ನಲ್ಲಿ ಪ್ಲೇಟ್ ತೂಕ ಕೂಡಿಸುವವರು ನಾಲ್ಕು ಸಾಲಾಗಿ ಲೆಕ್ಕ ಹಾಕುತ್ತಾರೆ. ಒಂದು ಪಟ್ಟಿ ಮಾಡಿ ಅದರಿಂದಲೇ ಆರಿಸುವಂತೆ ಟೆಂಪ್ಲೇಟ್‌ನಲ್ಲಿ ಇಡುತ್ತೇನೆ.

ಹಳೇ ಪ್ರಾಜೆಕ್ಟ್‌ಗಳನ್ನು ಮುಟ್ಟೋದು ಬೇಡ. ಮುಟ್ಟಿದರೆ ರೆಫರೆನ್ಸ್ ಮುರಿಯುತ್ತವೆ, ಅದನ್ನು ಸರಿ ಮಾಡಲು ವರ್ಷ ಬೇಕು. ಮುಂದಿನ ಹೊಸ ಆರ್ಡರ್‌ನಿಂದ ಶುರು ಮಾಡೋಣ. ಹಳೆಯದರಿಂದ ಏನಾದರೂ ತರಬೇಕಾದರೆ ಪ್ಯಾಕ್ ಆಂಡ್ ಗೋ ಮಾಡುವಾಗಲೇ ಹೊಸ ನಂಬರ್ ಕೊಟ್ಟರೆ ಆಯಿತು. ತಪ್ಪು ಇರುವ ಆ ಒಂದು ಪ್ಲಮ್ಮರ್ ಬ್ಲಾಕ್ ಮಾತ್ರ ಈ ವಾರವೇ ಯಾವ ಅಸೆಂಬ್ಲಿಯಲ್ಲಿದೆ ಅಂತ ಹುಡುಕಿ ನಿಮಗೆ ಹೇಳುತ್ತೇನೆ.

ನನಗೆ ನಿಜವಾಗಿ ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ. ಡೆಲಿವರಿ ಹತ್ತಿರ ಬಂದಾಗ ಲೈಬ್ರರಿಯಲ್ಲಿ ಇಲ್ಲದ ಒಂದು ಬೋಲ್ಟ್ ಬೇಕಾಗುತ್ತದೆ, ಯಾರೂ ಕಾಯೋದಿಲ್ಲ, ಸುಮ್ನೆ ಒಂದನ್ನು ಮಾಡಿ ತಮ್ಮ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಎರಡು ತಿಂಗಳಲ್ಲಿ ಮತ್ತೆ ಹಳೇ ಕಥೆ. ಇದಕ್ಕೆ ಇರೋದು ಒಂದೇ ದಾರಿ: ಕೇಳಿದ ಪಾರ್ಟ್ ಅವತ್ತೇ ಸಿಗಬೇಕು. ಆ ಕೆಲಸ ನಾನು ಮತ್ತು ಕಾವ್ಯ ವಹಿಸಿಕೊಳ್ಳುತ್ತೇವೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕ್ಯಾಟಲಾಗ್ ಇಟ್ಟುಕೊಂಡು ಅಳೆದು ನೋಡದೆ ಒಳಗೆ ಬಿಡುವುದಿಲ್ಲ. ರಜೆಯಲ್ಲಿ ಒಬ್ಬರಿದ್ದರೆ ಇನ್ನೊಬ್ಬರು ಇರುತ್ತಾರೆ. ಕಾವ್ಯ ಅವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ಸೀನಿಯರ್‌ಗಳು ಇಬ್ಬರಿಗೂ ಹದಿನೈದು ವರ್ಷದ ತಮ್ಮದೇ ಫೋಲ್ಡರ್ ಇದೆ, ಅದರಲ್ಲಿ ತುಂಬಾ ಒಳ್ಳೆಯ ಮಾಡೆಲ್‌ಗಳಿವೆ. ಗೇರ್‌ಬಾಕ್ಸ್, ಸಿಲಿಂಡರ್ ಎಲ್ಲ ಅವರವನ್ನೇ ಲೈಬ್ರರಿಗೆ ತೆಗೆದುಕೊಳ್ಳೋಣ ಅಂತ ನನ್ನ ಆಸೆ. ಆದರೆ ನಾನು ಕೇಳಿದರೆ ಅವರಿಗೆ ಬೇರೆ ಥರ ಅನಿಸಬಹುದು. ನೀವೇ ಒಂದು ಮಾತು ಹೇಳಿದರೆ ಒಳ್ಳೆಯದು.

ಎಂ5ರಿಂದ ಎಂ12ರವರೆಗೆ 30 ಅಲೆನ್ ಬೋಲ್ಟ್ ಈಗಾಗಲೇ ಮಾಡಿ ಇಟ್ಟಿದ್ದೇನೆ. ಶುಕ್ರವಾರ ನಾಲ್ಕು ಗಂಟೆಯ ನಂತರ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ನನ್ನ ಸಿಸ್ಟಮ್‌ನಲ್ಲೇ ತೋರಿಸುತ್ತೇನೆ, ಬಿಒಎಂ ಹೇಗೆ ಬರುತ್ತದೆ ಅಂತಲೂ ನೋಡಬಹುದು. ಸ್ಟೋರ್ಸ್‌ನಿಂದಲೂ ಒಬ್ಬರನ್ನು ಕರೆಯಲಾ ಸರ್?

ಇಂತಿ,
ಲೋಕೇಶ್
ಡ್ರಾಫ್ಟ್ಸ್‌ಮನ್, ಡಿಸೈನ್ ವಿಭಾಗ