ಶನಿವಾರದ ಸೈಟ್ ವಿಸಿಟ್: ಮಿಲ್ ಒಳಗೆ ಬರುವವರು ಮೊದಲೇ ಓದಬೇಕಾದದ್ದು

ಸಂತೋಷ್ ಅವರೇ, ನಮಸ್ಕಾರ.

ಧೂಳು ಹಿಡಿಯುವ ಸೈಕ್ಲೋನ್ ಮತ್ತು ಬ್ಯಾಗ್ ಫಿಲ್ಟರ್‌ಗೆ ಅಳತೆ ತೆಗೆಯಲು ನಿಮ್ಮ ತಂಡ 24 ಜನವರಿ 2026, ಶನಿವಾರ ಬರಬಹುದು. ಬೆಳಿಗ್ಗೆ 9.30ಕ್ಕೆ ಗೇಟಿನಲ್ಲಿರಿ. 11ರಿಂದ 1ರವರೆಗೆ ಎಲಿವೇಟರ್ ಲೈನ್ ನಿಲ್ಲಿಸುತ್ತೇವೆ. ಸುಗ್ಗಿಯ ಭತ್ತ ಬರುತ್ತಿರುವ ಕಾಲ, ಹೊರಗೆ ಲಾರಿ ಸಾಲು ನಿಂತಿರುತ್ತದೆ. ಹಾಗಾಗಿ ಇನ್ನೊಂದು ಗಂಟೆ ಕೊಡಿ ಎಂದರೆ ಆಗುವುದಿಲ್ಲ. ಗುಂಡಿ ಮತ್ತು ಡಕ್ಟ್ ಅಳತೆ ಆ ಎರಡು ಗಂಟೆಯಲ್ಲೇ ಮುಗಿಯಬೇಕು. ಮೋಟಾರ್ ಪ್ಲೇಟ್, ಪ್ಯಾನೆಲ್ ನೋಡುವುದನ್ನೆಲ್ಲ ಊಟದ ನಂತರಕ್ಕೆ ಇಟ್ಟುಕೊಳ್ಳಿ.

ಹುಬ್ಬಳ್ಳಿ ಕಡೆಯಿಂದ ಬರುವವರು ಹರಿಹರ ದಾಟಿ ಹಳೇ ಪಿ.ಬಿ. ರಸ್ತೆ ಹಿಡಿಯಿರಿ. ದೊಡ್ಡಬಾತಿ ಮುಗಿದ ಮೇಲೆ ಎಡಗಡೆ ನಮ್ಮ ಚಿಮಣಿ ಕಾಣುತ್ತದೆ. ಮುಂದಿನ ಗೇಟು ಲಾರಿಗಳಿಗೆ ಮಾತ್ರ. ನೀವು ಪಕ್ಕದ ಸಣ್ಣ ಗೇಟಿನಿಂದ ಬಂದು, ಕಾರನ್ನು ಆಫೀಸ್ ಹಿಂದೆ ನಿಲ್ಲಿಸಿ. ವೇ ಬ್ರಿಡ್ಜ್ ಮುಂದೆ ಯಾವ ಗಾಡಿಯೂ ಬೇಡ.

ನಾಲ್ಕು ಜನಕ್ಕಿಂತ ಜಾಸ್ತಿ ಬೇಡ, 18 ತುಂಬದವರು ಬೇಡವೇ ಬೇಡ. ಬರುವವರ ಹೆಸರು, ಗಾಡಿ ನಂಬರ್, ಇಎಸ್‌ಐ ಕಾರ್ಡ್ ಅಥವಾ ಅಪಘಾತ ವಿಮೆಯ ಪ್ರತಿಯನ್ನು ಗುರುವಾರ ಸಂಜೆ 4ರೊಳಗೆ ಈ ಮೇಲ್‌ಗೇ ಕಳಿಸಿ. ಗುರುತಿನ ಚೀಟಿ ಒರಿಜಿನಲ್ ತರಬೇಕು. ಪಟ್ಟಿಯಲ್ಲಿ ಇಲ್ಲದವರನ್ನು ಸೆಕ್ಯುರಿಟಿಯವರು ಬಿಡುವುದಿಲ್ಲ, ನಾನು ಹೇಳಿದರೂ ಬಿಡುವುದಿಲ್ಲ. ಲ್ಯಾಪ್‌ಟಾಪ್, ಟೂಲ್ಸ್ ಎಲ್ಲ ಒಳಗೆ ಬರುವಾಗಲೇ ರಿಜಿಸ್ಟರ್‌ನಲ್ಲಿ ಬರೆಸಿ, ವಾಪಸ್ ಒಯ್ಯುವಾಗ ತಕರಾರು ಬರುವುದಿಲ್ಲ. ಬೀಡಿ, ಸಿಗರೇಟ್, ಬೆಂಕಿಪೊಟ್ಟಣ, ಲೈಟರ್ ಗೇಟಿನಲ್ಲೇ ಕೊಡಬೇಕು. ಗಾಳಿಯಲ್ಲಿ ತೇಲುವ ಹೊಟ್ಟಿನ ಧೂಳಿಗೆ ಒಂದು ಕಿಡಿ ಸಾಕು. ಫೋಟೋ ತೆಗೆಯಿರಿ, ಆದರೆ ನಿಮ್ಮ ಕೆಲಸದ ಜಾಗದ್ದು ಮಾತ್ರ.

ಹೆಲ್ಮೆಟ್, ಸೇಫ್ಟಿ ಶೂ, ಎನ್95 ಮಾಸ್ಕ್, ಕನ್ನಡಕ ನೀವೇ ತನ್ನಿ. ಇಯರ್ ಪ್ಲಗ್ ನಾವು ಕೊಡುತ್ತೇವೆ. ಸಡಿಲ ಶರ್ಟ್, ಕೊರಳಲ್ಲಿ ಟವೆಲ್, ಕೈಗೆ ಕಡಗ ಇದ್ದರೆ ಬೆಲ್ಟ್ ಹತ್ತಿರ ಹೋಗುವ ಹಾಗಿಲ್ಲ.

ಇನ್ನು ಮೂರು ಜಾಗಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ.

ಒಂದು, ಚಾವಣಿ. ಶೆಡ್ ಮೇಲೆ ಸಿಮೆಂಟ್ ಶೀಟ್ ಇದೆ. ಬೆಳಕಿಗೆಂದು ನಡುನಡುವೆ ಫೈಬರ್ ಶೀಟ್ ಹಾಕಿದ್ದೇವೆ. ಮೇಲೆ ಹೊಟ್ಟಿನ ಧೂಳು ಕೂತು ಎರಡೂ ಒಂದೇ ಬೂದು ಬಣ್ಣವಾಗಿವೆ, ಹತ್ತಿರದಿಂದ ನೋಡಿದರೂ ಗೊತ್ತಾಗುವುದಿಲ್ಲ. ಸಿಮೆಂಟ್ ಶೀಟೂ ಮನುಷ್ಯನ ಭಾರ ತಡೆಯುತ್ತದೆ ಎಂದು ನಂಬಬೇಡಿ. ನಾವು ಹಾಸಿದ ಹಲಗೆಯ ಮೇಲೆ ಮಾತ್ರ ನಡೆಯಿರಿ. ಇಡೀ ಮೈಗೆ ಹಾಕುವ, ಎರಡು ಹಗ್ಗದ ಹಾರ್ನೆಸ್ ಬೇಕು. ಬರೀ ಸೊಂಟದ ಬೆಲ್ಟ್ ತಂದವರನ್ನು ಹತ್ತಿಸುವುದಿಲ್ಲ. ಒಂದು ಹುಕ್ ಬಿಚ್ಚುವ ಮುಂಚೆ ಇನ್ನೊಂದು ಲೈಫ್ ಲೈನ್‌ಗೆ ಸಿಕ್ಕಿರಬೇಕು. ಬಿಪಿ, ತಲೆಸುತ್ತು ಇರುವವರು ಕೆಳಗೇ ಇರಲಿ. ತಿಂಡಿ ತಿನ್ನದೆ ಯಾರೂ ಹತ್ತಬಾರದು.

ಎರಡು, ಎಲಿವೇಟರ್ ಗುಂಡಿ. ಸುಮಾರು ಹತ್ತಡಿ ಆಳ. ತಳದಲ್ಲಿ ಉಳಿದ ಒದ್ದೆ ಭತ್ತ ಕೊಳೆತರೆ ಕೆಟ್ಟ ಗಾಳಿ ನಿಲ್ಲುತ್ತದೆ, ಉಸಿರಾಡಲು ಆಮ್ಲಜನಕ ಸಾಲುವುದಿಲ್ಲ. ವಾಸನೆಯಿಂದಲೇ ತಿಳಿಯುತ್ತದೆ ಅಂದುಕೊಳ್ಳಬೇಡಿ. ಅದಕ್ಕೇ ಇಳಿಯುವ ಮುಂಚೆ ಬ್ಲೋವರ್ ಓಡಿಸಿ, ಮೀಟರ್‌ನಲ್ಲಿ ನೋಡಿ, ಪರ್ಮಿಟ್ ಬರೆದು ಕೊಡುತ್ತೇವೆ. ಒಬ್ಬರು ಕೆಳಗೆ, ನಮ್ಮ ಹುಡುಗ ಒಬ್ಬ ಮೇಲೆ ಸೀಟಿ ಹಿಡಿದು. ಕೆಳಗಿದ್ದವರು ಕುಸಿದರೆ ಕಾಪಾಡಲು ಯಾರೂ ಧುಮುಕಬಾರದು, ಹಗ್ಗದಿಂದ ಎಳೆಯುತ್ತೇವೆ. ಇಳಿಯುವ ಮುಂಚೆ ಪ್ಯಾನೆಲ್‌ನ ಐಸೊಲೇಟರ್‌ಗೆ ನಮ್ಮ ಎಲೆಕ್ಟ್ರಿಷಿಯನ್ ಒಂದು ಬೀಗ, ನೀವು ಒಂದು ಬೀಗ ಹಾಕುತ್ತೀರಿ. ನಿಮ್ಮ ಕೀ ನಿಮ್ಮ ಜೇಬಿನಲ್ಲೇ ಇರಲಿ. ಬೀಗ ಬಿದ್ದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ಲೈನ್ ಓಡುವುದಿಲ್ಲ ಎಂದು ಕಣ್ಣಾರೆ ನೋಡಿ.

ಮೂರು, ಬಾಯ್ಲರ್ ಹಿಂದಿನ ಬೂದಿ ಗುಡ್ಡೆ. ಮೇಲೆ ತಣ್ಣಗೆ ಬೆಳ್ಳಗಿರುತ್ತದೆ, ಒಳಗೆ ಕೆಂಡ. ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಅತ್ತ ಕಡೆಯಿಂದ ಅಡ್ಡದಾರಿ ಹಿಡಿಯಬೇಡಿ.

ಇವುಗಳಲ್ಲಿ ಒಂದು ತಪ್ಪಿದರೂ ಕೆಲಸ ಅಲ್ಲಿಗೇ ನಿಲ್ಲಿಸುತ್ತೇನೆ. ಅಳತೆ ಇನ್ನೊಂದು ದಿನ ತೆಗೆದುಕೊಳ್ಳಬಹುದು, ಅಲ್ವಾ? ಬಂದ ಕೂಡಲೇ ಇಪ್ಪತ್ತು ನಿಮಿಷ ಕೂತು ಇದನ್ನೇ ಮತ್ತೆ ಹೇಳುತ್ತೇನೆ, ಎಲ್ಲರೂ ಸಹಿ ಹಾಕಬೇಕು.

ಸೈರನ್ ಉದ್ದಕ್ಕೆ ಕೂಗಿದರೆ ಎಲ್ಲ ಬಿಟ್ಟು ಆಫೀಸ್ ಮುಂದಿನ ಬೇವಿನ ಮರದ ಕೆಳಗೆ ಬನ್ನಿ. ಆಂಬುಲೆನ್ಸ್‌ಗೆ 108, ಬೆಂಕಿ ಅಥವಾ ಬೇರೆ ತುರ್ತಿಗೆ 112. ಪೆಟ್ಟಾದರೆ ಚಿಗಟೇರಿ ಆಸ್ಪತ್ರೆಗೆ ಕರೆದೊಯ್ಯಲು ನಮ್ಮ ಜೀಪ್ ಗೇಟಿನಲ್ಲೇ ಇರುತ್ತದೆ.

ದಾರಿಯಲ್ಲಿ ತಡವಾದರೆ, ಹೋದ ವಾರ ನಾನು ನಿಮಗೆ ಫೋನ್ ಮಾಡಿದ ನಂಬರಿಗೇ ಮಾಡಿ. ಒಳಗೆ ಬಂದ ಮೇಲೆ ಇಂಟರ್‌ಕಾಮ್: ಮೇಂಟೆನೆನ್ಸ್ 14, ಎಲೆಕ್ಟ್ರಿಷಿಯನ್ ಮಂಜಣ್ಣ 17, ಗೇಟ್ 11. ಗುಂಡಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಡಕ್ಟ್‌ನ ಹಳೆಯ ಡ್ರಾಯಿಂಗ್ ಈ ಮೇಲ್ ಜೊತೆಗಿದೆ, ಬರುವ ಮುಂಚೆ ಒಮ್ಮೆ ನೋಡಿ.

ಮಧ್ಯಾಹ್ನದ ಊಟ ನಮ್ಮಲ್ಲೇ. ಪಟ್ಟಿ ಕಳಿಸುವಾಗ ಎಷ್ಟು ಜನ ಊಟಕ್ಕಿದ್ದೀರಿ ಅಂತಲೂ ಬರೆಯಿರಿ.

ಬಸವರಾಜ್
ಮೇಂಟೆನೆನ್ಸ್ ಇನ್‌ಚಾರ್ಜ್, ದಾವಣಗೆರೆ