ದೃಶ್ಯ 1: ಸಂಕದ ಆಚೆಗಿನ ತೋಟ

ಸ್ಥಳ: ತೀರ್ಥಹಳ್ಳಿ ಸಮೀಪದ ಅಡಿಕೆ ತೋಟ. ಆಷಾಢದ ಸಂಜೆ, ಬಿಡದೆ ಸುರಿಯುವ ಮಳೆ.

(ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ, 16 ವರ್ಷದ ಮೇದಿನಿ ಕೊಡೆ ಬಿಚ್ಚಿ ದಣಪೆ ದಾಟುತ್ತಾಳೆ. ಆಟಗಾರರ ನಿಯಂತ್ರಣ ಇಲ್ಲಿಂದ ಆರಂಭವಾಗುತ್ತದೆ. ಹಳ್ಳ ದಾಟುವ ಸಂಕದ ಮೇಲೆ ಓಡಿದರೆ ಆಕೆ ಜಾರುತ್ತಾಳೆ, ದಡದಲ್ಲಿ ನಿಂತರೆ ಕಾಲಿಗೆ ಉಂಬಳ ಹತ್ತುತ್ತದೆ. ಕೊಳೆರೋಗ ತಗುಲಿದ ಎಳೆಗಾಯಿಗಳು ತೋಟದ ತುಂಬ ಉದುರಿ ಬಿದ್ದಿವೆ, ಆದರೆ ಮೇಲಿನ ಸಾಲಿನ ಗೊನೆಗಳಿಗೆ ಮಾತ್ರ ಯಾರೋ ಹಳೆಯ ಕ್ರಮದಲ್ಲಿ, ಮಳೆ ತಾಗದಂತೆ ಕರಡದ ಹುಲ್ಲಿನ ಕೊಟ್ಟೆ ಕಟ್ಟಿದ್ದಾರೆ.)

ಅಜ್ಜಿ (ಜಗಲಿಯಿಂದ): ಬಂದೆಯಾ ಮಗಾ? ಕಾಲು ತೊಳೆದುಕೊಂಡು ಬಾ, ಹಂಡೆಯಲ್ಲಿ ಬಿಸಿನೀರಿದೆ.

ಮೇದಿನಿ: ಅಜ್ಜಿ, ಕೊನೆಗಾರ ಬಂದಿದ್ದನೇ? ಮೇಲಿನ ಸಾಲಿಗೆ ಕೊಟ್ಟೆ ಕಟ್ಟಿದೆಯಲ್ಲ.

ಅಜ್ಜಿ: ಈ ವರ್ಷ ಅವನು ಔಷಧಿ ಹೊಡೆಯಲಿಕ್ಕೂ ಬರಲಿಲ್ಲ. ಮೈಲುತುತ್ತ, ಸುಣ್ಣ ಎರಡೂ ಅಟ್ಟದಲ್ಲಿ ಹಾಗೆಯೇ ಇವೆ.

(ತೋಟದೊಳಗಿಂದ ಕತ್ತಿಯ ಸದ್ದು ಕೇಳುತ್ತದೆ. ಅಜ್ಜಿಯ ಪಾತ್ರಕ್ಕೆ ದನಿ ನೀಡುವವರು ಇಲ್ಲಿ ಅಚ್ಚರಿ ತೋರಬಾರದು. ಆಕೆಗೆ ವಿಷಯ ಗೊತ್ತಿದೆ.)

ಆಟಗಾರರ ಆಯ್ಕೆ:
ಅಟ್ಟ ಹತ್ತಿ ನೋಡುವುದು.
ಲಾಟೀನು ಹಿಡಿದು ಮೇಲಿನ ಸಾಲಿಗೆ ಹೋಗುವುದು.
ಅಜ್ಜಿಯ ಬಳಿ ಕುಳಿತು ಕಷಾಯ ಕುಡಿಯುವುದು. (ಕಾಲಹರಣದಂತೆ ಕಂಡರೂ, ಅಟ್ಟದ ಬೀಗದ ಕೈ ಸಿಗುವುದು ಈ ದಾರಿಯಲ್ಲಿ ಮಾತ್ರ.)